ಮಗುವಿನ ಶುಗರ್ ಎಷ್ಟಿರಬೇಕು: ಟೈಪ್ 1 ಮಧುಮೇಹದಲ್ಲಿ ಮಕ್ಕಳ ಗುರಿ, ದೊಡ್ಡವರ ಗುರಿ

ಮಗುವಿಗೆ ಟೈಪ್ 1 ಮಧುಮೇಹ ಇದೆಯೆಂದು ತಿಳಿದ ಮನೆಗೆ ಮೊದಲ ವಾರದಲ್ಲೇ ಮೂರು ಕಡೆಯಿಂದ ಮೂರು ಬಗೆಯ ಅಂಕಿಗಳು ಬರುತ್ತವೆ. ಲ್ಯಾಬ್ ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಗೆ 70ರಿಂದ 100, ಊಟದ ನಂತರ 140ರ ಒಳಗೆ ಎಂದು ಅಚ್ಚಾಗಿರುತ್ತದೆ. ಹತ್ತಾರು ವರ್ಷಗಳಿಂದ ಶುಗರ್ ಮಾತ್ರೆ ನುಂಗುತ್ತಿರುವ ತಾತ ಊಟಕ್ಕೆ ಮುಂಚೆ 130, ಊಟವಾದ ಮೇಲೆ 180ರ ಲೆಕ್ಕ ಹೇಳುತ್ತಾರೆ. ಇನ್ನೊಬ್ಬರು, ಮಕ್ಕಳಿಗೆ ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ, 200 ಇರಲಿ ಬಿಡಿ ಎನ್ನುತ್ತಾರೆ. ಈ ಮೂರರಲ್ಲಿ ಯಾವುದನ್ನೂ ಹಾಗೆಯೇ ಹಿಡಿದುಕೊಳ್ಳುವಂತಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಇಂದು ಮಕ್ಕಳ ಗುರಿಯ ಅಂಕಿಗೂ ದೊಡ್ಡವರ ಅಂಕಿಗೂ ಹೆಚ್ಚು ಅಂತರವಿಲ್ಲ. ಅಂತರ ಇರುವುದು ಆ ಅಂಕಿಯನ್ನು ಮುಟ್ಟುವ ದಾರಿಯಲ್ಲಿ: ರಾತ್ರಿ ಎಷ್ಟು ಅಂಚು ಬಿಡಬೇಕು, ಏರಿದ ಶುಗರನ್ನು ಎಷ್ಟು ಇಳಿಸಬೇಕು, ಇಳಿದರೆ ಎಷ್ಟು ಸಕ್ಕರೆ ಕೊಡಬೇಕು ಎಂಬಲ್ಲಿ. ಮನೆಗಳಲ್ಲಿ ಎಡವಟ್ಟಾಗುವುದೂ ಅಲ್ಲಿಯೇ.

ಇಲ್ಲಿನ ಎಲ್ಲ ಶುಗರ್ ಅಂಕಿಗಳೂ ನಮ್ಮ ಮೀಟರುಗಳು ತೋರಿಸುವ mg/dL ಲೆಕ್ಕದವು. ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ನೆಂಟರು 6, 8 ಎಂದು ಹೇಳಿದರೆ ಅದು mmol/L. 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ.

ಮೊದಲ ಹೆಜ್ಜೆ: ಯಾವ ಅಂಕಿ ಯಾರದು ಎಂದು ಬೇರ್ಪಡಿಸಿ

ಲ್ಯಾಬ್ ಕಾಗದದ 70–100 ಮಧುಮೇಹ ಇಲ್ಲದವರ ಅಂಕಿ. ಅವರ ಮೇದೋಜೀರಕ ಗ್ರಂಥಿ ಗಳಿಗೆ ಗಳಿಗೆಗೂ ಇನ್ಸುಲಿನ್ ಏರಿಸಿ ಇಳಿಸಿ ಆ ಮಟ್ಟವನ್ನು ಕಾಯುತ್ತದೆ. ಸೂಜಿಯಲ್ಲಿ ಒಮ್ಮೆ ಒಳಗೆ ಹೋದ ಇನ್ಸುಲಿನ್ನನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಆದ್ದರಿಂದ ರಿಪೋರ್ಟಿನಲ್ಲಿ 135ರ ಪಕ್ಕ ದಪ್ಪ ಅಕ್ಷರದಲ್ಲಿ 'ಹೆಚ್ಚು' ಎಂದು ಬಂದರೆ ಗಾಬರಿಯಾಗಬೇಡಿ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಬೆಳಗಿನ 135 ಒಳ್ಳೆಯ ಅಂಕಿ.

ಮಕ್ಕಳ ಮತ್ತು ಹದಿಹರೆಯದವರ ಮಧುಮೇಹಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘಟನೆ ಇಸ್ಪ್ಯಾಡ್ 2022ರಲ್ಲಿ ಹೇಳಿದ ಗುರಿ ಹೀಗಿದೆ: ದಿನದ ಹೆಚ್ಚಿನ ಹೊತ್ತು 70ರಿಂದ 180ರ ನಡುವೆ ಇರಬೇಕು, ಬೆಳಗಿನ ಖಾಲಿ ಹೊಟ್ಟೆಯಲ್ಲಿ 70ರಿಂದ 144ರೊಳಗೆ ಇರಬೇಕು. ಅಮೆರಿಕದ ಮಧುಮೇಹ ಸಂಘ ದೊಡ್ಡವರಿಗೆ ಹೇಳುವುದು ಊಟಕ್ಕೆ ಮುಂಚೆ 80–130, ಊಟದ ನಂತರದ ಏರಿಕೆ 180ಕ್ಕಿಂತ ಕಡಿಮೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಮಕ್ಕಳಿಗೆ ಇನ್ನೂ ಬಿಗಿಯಾಗಿ, ಎದ್ದಾಗ ಮತ್ತು ಊಟಕ್ಕೆ ಮುಂಚೆ 72–126, ಊಟವಾದ ಮೇಲೆ 90–162 ಎನ್ನುತ್ತದೆ. ಅಲ್ಲಿರುವ ನೆಂಟರ ಅಂಕಿ ನಿಮ್ಮದಕ್ಕೆ ತಾಳೆಯಾಗದಿದ್ದರೆ ಕಾರಣ ಇದೇ. ಯಾರೂ ತಪ್ಪು ಹೇಳುತ್ತಿಲ್ಲ. ನಿಮ್ಮ ವೈದ್ಯರು ಯಾವುದನ್ನು ಆರಿಸಿಕೊಂಡಿದ್ದಾರೋ ಅದೊಂದನ್ನೇ ಹಿಡಿಯಿರಿ.

'ಮಕ್ಕಳಿಗೆ 200 ಇರಲಿ' ಎಂಬ ಮಾತಿಗೂ ಒಂದು ಮೂಲವಿದೆ. ಹದಿಮೂರು ವರ್ಷ ದಾಟಿದವರನ್ನಷ್ಟೇ ಸೇರಿಸಿಕೊಂಡಿದ್ದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನ 1993ರಲ್ಲಿ ಹೊರಬಂತು. ಶುಗರನ್ನು ಬಿಗಿಯಾಗಿಟ್ಟರೆ ಕಣ್ಣು, ಕಿಡ್ನಿ, ನರಗಳು ಉಳಿಯುತ್ತವೆ ಎಂದು ಅದು ತೋರಿಸಿತು. ಜೊತೆಗೆ ಬಿಗಿಯಾಗಿಟ್ಟವರಲ್ಲಿ ತೀವ್ರ ಲೋ ಶುಗರ್ ಹೆಚ್ಚಾಯಿತು ಎಂಬುದನ್ನೂ ತೋರಿಸಿತು. ಚಿಕ್ಕ ಮಕ್ಕಳ ಮಿದುಳಿಗೆ ಲೋ ಆಗಬಾರದೆಂಬ ಭಯದಿಂದ ಅಮೆರಿಕದ ಸಂಘ 2005ರಲ್ಲಿ ವಯಸ್ಸಿಗೆ ತಕ್ಕಂತೆ ಸಡಿಲ ಗುರಿ ಇಟ್ಟಿತು. ಆರು ವರ್ಷದೊಳಗಿನವರಿಗೆ ಊಟಕ್ಕೆ ಮುಂಚೆ 100–180, ಮಲಗುವಾಗ 110–200. ಆಗ ಅದು ವಿವೇಕದ ನಿರ್ಧಾರವೇ. ಆಮೇಲೆ ಹೊಸ ಇನ್ಸುಲಿನ್‌ಗಳು, ಮೈಗೆ ಅಂಟಿಕೊಂಡು ಶುಗರನ್ನು ಸದಾ ತೋರಿಸುವ ಸೆನ್ಸರ್‌ಗಳು ಬಂದವು. ಬಹುಕಾಲ ಏರಿಯೇ ಇರುವ ಶುಗರ್ ಕೂಡ ಎಳೆಯ ಮಿದುಳಿನ ಬೆಳವಣಿಗೆಯನ್ನು ನಿಧಾನಿಸುತ್ತದೆ ಎಂದು ಸ್ಕ್ಯಾನ್ ಅಧ್ಯಯನಗಳು ಹೇಳಿದವು. 2014ರಲ್ಲಿ ಆ ವಯಸ್ಸಿನ ಮೆಟ್ಟಿಲುಗಳನ್ನು ತೆಗೆದುಹಾಕಲಾಯಿತು. ಸಡಿಲ ಗುರಿಯ ಮಾತು ಮಾತ್ರ ಇನ್ನೂ ಜನರ ಬಾಯಲ್ಲಿ ಉಳಿದಿದೆ.

ಎರಡನೇ ಹೆಜ್ಜೆ: ಮೂರು ತಿಂಗಳ ಅಂಕಿಯನ್ನು ವೈದ್ಯರ ಜೊತೆ ಕೂತು ಆರಿಸಿ

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಎರಡು–ಮೂರು ತಿಂಗಳ ಶುಗರಿನ ಸರಾಸರಿಯ ಅಂದಾಜು ಕೊಡುತ್ತದೆ. 7% ಅಂದರೆ ಸರಾಸರಿ ಸುಮಾರು 154, 7.5% ಅಂದರೆ ಸುಮಾರು 169, 8% ಅಂದರೆ ಸುಮಾರು 183. ಹೆಚ್ಚಿನ ಮಕ್ಕಳಿಗೂ ಹದಿಹರೆಯದವರಿಗೂ ಗುರಿ 7%ಕ್ಕಿಂತ ಕಡಿಮೆ. ದೊಡ್ಡವರಿಗೂ ಇಷ್ಟೇ.

ಇಲ್ಲಿಂದ ಮುಂದೆ ಗುರಿ ಬದಲಾಗುವುದು ವಯಸ್ಸಿನಿಂದಲ್ಲ, ಮಗುವಿನ ಪರಿಸ್ಥಿತಿಯಿಂದ. 'ತಲೆ ತಿರುಗುತ್ತಿದೆ, ಕೈ ನಡುಗುತ್ತಿದೆ' ಎಂದು ಹೇಳಲು ಬಾರದ ಮಗು, ಲೋ ಆದರೂ ಗೊತ್ತಾಗದ ಮಗು, ದಿನಕ್ಕೆ ಐದಾರು ಸಲ ಪರೀಕ್ಷಿಸಲು ಸ್ಟ್ರಿಪ್ ಸಿಗದ ಮನೆ, ಇಂಥ ಕಡೆ 7.5%ಕ್ಕಿಂತ ಕಡಿಮೆ ಎಂಬುದು ಸರಿಯಾದ ಗುರಿ. ಲೋ ಶುಗರಿನಿಂದ ಈಗಾಗಲೇ ಫಿಟ್ಸ್ ಬಂದಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ವೈದ್ಯರು 8%ರವರೆಗೂ ಸಡಿಲಿಸಬಹುದು. ಸೆನ್ಸರ್, ಇನ್ಸುಲಿನ್ ಪಂಪ್ ಇದ್ದು ಲೋ ಕಡಿಮೆ ಇರುವ ಮಕ್ಕಳಲ್ಲಿ, ಮತ್ತು ಹೊಸದಾಗಿ ಇನ್ಸುಲಿನ್ ಶುರುವಾದ ಮೇಲೆ ಕೆಲವು ತಿಂಗಳು ಸ್ವಂತ ಇನ್ಸುಲಿನ್ ಸ್ವಲ್ಪ ಮರಳುವ 'ಹನಿಮೂನ್' ಅವಧಿಯಲ್ಲಿ, 6.5% ಕೂಡ ಮುಟ್ಟಬಹುದಾದ ಗುರಿ.

ದೊಡ್ಡವರಲ್ಲಿ ಸಡಿಲಿಸುವ ಕಾರಣ ಬೇರೆ. ವಯಸ್ಸಾಗಿ ಹೃದಯ, ಕಿಡ್ನಿ ಸೋತವರಿಗೆ, ಬಿದ್ದರೆ ಮೂಳೆ ಮುರಿಯುವವರಿಗೆ ಗುರಿಯನ್ನು ಮೇಲಕ್ಕೆ ಎತ್ತುತ್ತಾರೆ, ಏಕೆಂದರೆ ಇಪ್ಪತ್ತು ವರ್ಷದ ನಂತರದ ಲಾಭಕ್ಕಿಂತ ಇಂದಿನ ಲೋ ಅವರಿಗೆ ದೊಡ್ಡ ಅಪಾಯ. ಮಗುವಿಗೆ ಮುಂದೆ ಅರವತ್ತು–ಎಪ್ಪತ್ತು ವರ್ಷಗಳಿವೆ. ಹಾಗಾಗಿ ಅಂಥ ವಯಸ್ಸಾದವರ ಸಡಿಲ ಗುರಿಯನ್ನು ಮಗುವಿಗೆ ಹಾಕುವುದು ತಲೆಕೆಳಗಾದ ಲೆಕ್ಕ.

ನಮ್ಮಲ್ಲಿ ಈ ಅಂಕಿಯನ್ನು ನಂಬುವ ಮುಂಚೆ ರಕ್ತಹೀನತೆಯ ವಿಚಾರ ಕೇಳಲೇಬೇಕು. ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಾದ ಮಗುವಿನಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಥಲಸ್ಸೀಮಿಯಾ, ಸಿಕಲ್ ಸೆಲ್ ಇರುವವರಲ್ಲಿ, ಇತ್ತೀಚೆಗೆ ರಕ್ತ ಏರಿಸಿಕೊಂಡವರಲ್ಲಿಯೂ ಅದು ದಾರಿ ತಪ್ಪಿಸುತ್ತದೆ. ಮೀಟರಿನ ಅಂಕಿಗಳೆಲ್ಲ 150ರ ಆಸುಪಾಸಿನಲ್ಲಿದ್ದು ಎಚ್‌ಬಿಎ1ಸಿ 8.5 ಬಂದರೆ ಮಗು ಕದ್ದು ತಿಂದಿದೆ ಎಂದು ಗದರಬೇಡಿ. ಮೊದಲು ಹಿಮೋಗ್ಲೋಬಿನ್ ಮಾಡಿಸಿ, ರಾತ್ರಿಯ ಮತ್ತು ಊಟದ ನಂತರದ ಅಂಕಿಗಳನ್ನೂ ನೋಡಿ.

ಮೂರನೇ ಹೆಜ್ಜೆ: ದಿನದ ಗಂಟೆಗಳಲ್ಲಿ ಗುರಿಯನ್ನು ನೋಡಿ

ಸೆನ್ಸರ್ ಇದ್ದವರಿಗೆ ಗುರಿಯನ್ನು ಶೇಕಡಾವಾರಿನಲ್ಲಿ ಹೇಳುತ್ತಾರೆ. ಅದನ್ನು ಗಂಟೆಗೆ ಇಳಿಸಿಕೊಂಡರೆ ಮನಸ್ಸಿಗೆ ಹತ್ತುತ್ತದೆ. 70–180ರೊಳಗೆ 70%ಕ್ಕಿಂತ ಹೆಚ್ಚು ಅಂದರೆ ದಿನಕ್ಕೆ ಸುಮಾರು 17 ಗಂಟೆ. 70ಕ್ಕಿಂತ ಕೆಳಗೆ 4%ಕ್ಕಿಂತ ಕಡಿಮೆ ಅಂದರೆ ಒಂದು ಗಂಟೆಯೊಳಗೆ, ಅದರಲ್ಲಿ 54ಕ್ಕಿಂತ ಕೆಳಗೆ ಹದಿನೈದು ನಿಮಿಷವೂ ಇರಬಾರದು. 180ರ ಮೇಲೆ ಆರು ಗಂಟೆಯೊಳಗೆ ಇರಬೇಕು, 250ರ ಮೇಲೆ ಒಂದು ಗಂಟೆ ಹತ್ತು ನಿಮಿಷ ದಾಟಬಾರದು. ಈ ಅಂಕಿಗಳು ಮಕ್ಕಳಿಗೂ ಆರೋಗ್ಯವಂತ ದೊಡ್ಡವರಿಗೂ ಒಂದೇ. ಇಳಿವಯಸ್ಸಿನವರಿಗೆ ಮಾತ್ರ ವ್ಯಾಪ್ತಿಯೊಳಗಿನ ಪಾಲು 50%ಕ್ಕೆ ಇಳಿಯುತ್ತದೆ, ಲೋ 1%ರೊಳಗೆ ಎಂದು ಬಿಗಿಯಾಗುತ್ತದೆ.

ಸೆನ್ಸರ್ ಇಲ್ಲದವರು ಹದಿನಾಲ್ಕು ದಿನ, ದಿನಕ್ಕೆ ಐದು ಸಲ ನೋಡಿ ಬರೆದಿಡಿ: ಎದ್ದಾಗ, ಮಧ್ಯಾಹ್ನದ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಮಲಗುವಾಗ. ಐದನೆಯದನ್ನು ಒಂದು ದಿನ ಊಟವಾದ ಎರಡು ಗಂಟೆಗೆ, ಇನ್ನೊಂದು ದಿನ ಬೆಳಗಿನ ಜಾವ ಮೂರಕ್ಕೆ ಹೀಗೆ ಸರಿಸುತ್ತ ಹೋಗಿ. ಒಟ್ಟು 70 ಅಂಕಿಗಳಾಗುತ್ತವೆ. ಅದರಲ್ಲಿ ಕನಿಷ್ಠ 49 ವ್ಯಾಪ್ತಿಯೊಳಗಿದ್ದು, 70ಕ್ಕಿಂತ ಕೆಳಗಿನವು ಎರಡನ್ನು ಮೀರದಿದ್ದರೆ ದಾರಿ ಸರಿಯಿದೆ. ಇದು ಸೆನ್ಸರಿನ ಲೆಕ್ಕಕ್ಕೆ ಸಮನಲ್ಲ, ಆದರೆ ಮುಂದಿನ ಭೇಟಿಯಲ್ಲಿ ಮಾತಾಡಲು ಸಾಕು. ಒಂದು ಎಚ್ಚರಿಕೆ: ಬಾಳೆಹಣ್ಣು, ಬೆಲ್ಲ ಮುಟ್ಟಿದ ಬೆರಳಿನಿಂದ ತೆಗೆದ ಹನಿ 300 ತೋರಿಸಿದ್ದುಂಟು. ಕೈ ತೊಳೆದು ಒರೆಸಿ ಮತ್ತೆ ನೋಡದೆ ಇನ್ಸುಲಿನ್ ಕೊಡಬೇಡಿ. ಸೆನ್ಸರ್ ಹಾಕಿದ ತೋಳಿನ ಮೇಲೆ ಮಲಗಿದ ಮಗುವಿಗೆ ಸುಳ್ಳು ಲೋ ಬರುವುದೂ ಇದೆ. ಮಗ್ಗುಲು ಬದಲಿಸಿ, ಬೆರಳಿನಿಂದ ಒಮ್ಮೆ ನೋಡಿ.

ನಾಲ್ಕನೇ ಹೆಜ್ಜೆ: ರಾತ್ರಿಗೆ ಅಂಚು ಬಿಡಿ, ಡೋಸನ್ನು ಮಗುವಿನ ಅಳತೆಗೆ ತನ್ನಿ

ಮಕ್ಕಳ ಲೆಕ್ಕ ದೊಡ್ಡವರ ಲೆಕ್ಕದಿಂದ ನಿಜವಾಗಿ ಬೇರೆಯಾಗುವುದು ಇಲ್ಲಿ. ಐದು ವರ್ಷದ ಹುಡುಗಿ, ತೂಕ 18 ಕೆ.ಜಿ. ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ದಿನಕ್ಕೆ 5 ಯೂನಿಟ್, ಮೂರು ಊಟಕ್ಕೆ ಮೂರು ಮೂರು ಯೂನಿಟ್ ಬೇಗ ಕೆಲಸ ಮಾಡುವ ಇನ್ಸುಲಿನ್, ಒಟ್ಟು 14 ಯೂನಿಟ್ ಎಂದುಕೊಳ್ಳಿ.

ಒಂದು ಯೂನಿಟ್ ಎಷ್ಟು ಶುಗರ್ ಇಳಿಸುತ್ತದೆ ಎಂಬುದಕ್ಕೆ ಒಂದು ಅಂದಾಜು ಸೂತ್ರವಿದೆ: 1800ನ್ನು ದಿನದ ಒಟ್ಟು ಯೂನಿಟ್‌ಗಳಿಂದ ಭಾಗಿಸುವುದು. ಈ ಹುಡುಗಿಗೆ 1800 ÷ 14, ಅಂದರೆ ಸುಮಾರು 130. ದಿನಕ್ಕೆ 50 ಯೂನಿಟ್ ತೆಗೆದುಕೊಳ್ಳುವ ದೊಡ್ಡವರಿಗೆ 36. ಅವರಲ್ಲಿ ಒಂದು ಯೂನಿಟ್ ಹೆಚ್ಚಾದರೆ 36 ಇಳಿಯುತ್ತದೆ, ಈ ಮಗುವಿನಲ್ಲಿ 130 ಇಳಿಯುತ್ತದೆ. ದೊಡ್ಡವರ ಗುರಿಯನ್ನೇ ಹಿಡಿದು ದೊಡ್ಡವರ ಕೈಯಳತೆಯಲ್ಲಿ ಇನ್ಸುಲಿನ್ ಕೊಟ್ಟರೆ ಏನಾಗುತ್ತದೆ ನೋಡಿ.

ಸಂಜೆ ಏಳೂವರೆಗೆ ಮುದ್ದೆ, ಸೊಪ್ಪಿನ ಸಾರು, 3 ಯೂನಿಟ್. ಒಂಬತ್ತೂವರೆಗೆ ಮೀಟರ್ 236 ತೋರಿಸಿತು. ಗುರಿ 110 ಎಂದುಕೊಂಡ ಅಪ್ಪ, 236ರಲ್ಲಿ 110 ಕಳೆದು 130ರಿಂದ ಭಾಗಿಸಿ, ಸುಮಾರು ಒಂದು ಯೂನಿಟ್ ಕೊಟ್ಟರು. ಗಣಿತ ಸರಿ. ಆದರೆ ಊಟದ ಇನ್ಸುಲಿನ್ ಮೂರು–ನಾಲ್ಕು ಗಂಟೆ ಕೆಲಸ ಮಾಡುತ್ತದೆ, ಅದು ಇನ್ನೂ ಅರ್ಧ ದಾರಿಯಲ್ಲಿತ್ತು. ಎರಡೂ ಸೇರಿ ಬೆಳಗಿನ ಜಾವ ಮೂರಕ್ಕೆ ಶುಗರ್ 58. ಮಗು ಬೆವತು ನರಳಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಗೊತ್ತಾಗುತ್ತಿರಲಿಲ್ಲ.

ಮುಂದಿನ ತಪ್ಪು ಸಕ್ಕರೆಯ ಅಳತೆಯಲ್ಲಿ. ಲೋ ಆದರೆ 15 ಗ್ರಾಂ ಎಂಬುದು ದೊಡ್ಡವರ ಅಳತೆ. ಮಕ್ಕಳಿಗೆ ಕೆ.ಜಿ.ಗೆ 0.3 ಗ್ರಾಂ, ಅಂದರೆ ಈ ಹುಡುಗಿಗೆ ಐದೂವರೆ ಗ್ರಾಂ ಸಾಕು. ಸಮತಟ್ಟಾದ ಒಂದೂಕಾಲು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಡಬೇಕು. ಅಷ್ಟು ಕೊಟ್ಟರೆ ಸುಮಾರು 55ರಿಂದ 70 ಏರುತ್ತದೆ. ಅಮ್ಮ ಗಾಬರಿಯಲ್ಲಿ 15 ಗ್ರಾಂ ಕೊಟ್ಟರು, ಬೆಳಿಗ್ಗೆ 240. 'ರಾತ್ರಿಯ ಇನ್ಸುಲಿನ್ ಸಾಲುತ್ತಿಲ್ಲ' ಎಂದು ಬೇಸಲ್ ಏರಿಸಿದರೆ ಮರುದಿನದ ಲೋ ಇನ್ನೂ ಆಳಕ್ಕೆ ಹೋಗುತ್ತದೆ. ಬೆಳಗಿನ 240ನ್ನು ಮಾತ್ರ ನೋಡಿ ಬೇಸಲ್ ಮುಟ್ಟಬಾರದು ಎನ್ನುವುದು ಇದಕ್ಕೇ. ಮಧ್ಯರಾತ್ರಿ ಮತ್ತು ಮೂರು ಗಂಟೆಯ ಅಂಕಿ ಎರಡು–ಮೂರು ರಾತ್ರಿಯದ್ದಾದರೂ ಕೈಯಲ್ಲಿರಬೇಕು.

ಅದೇ ರಾತ್ರಿಯನ್ನು ಸರಿಯಾಗಿ ನಡೆಸುವುದು ಹೀಗೆ. ಒಂಬತ್ತೂವರೆಗೆ ಊಟದ ಇನ್ಸುಲಿನ್ ಕೊಟ್ಟು ಎರಡೇ ಗಂಟೆ ಆಗಿರುವುದರಿಂದ ಏನೂ ಕೊಡದೆ ಕಾಯಿರಿ. ಹನ್ನೊಂದಕ್ಕೆ ಮತ್ತೆ ನೋಡಿ. ಆಗಲೂ 220 ಇದ್ದರೆ ರಾತ್ರಿಯ ಗುರಿಯಾಗಿ 110 ಅಲ್ಲ, 150 ಹಿಡಿಯಿರಿ. 220ರಲ್ಲಿ 150 ಕಳೆದರೆ 70, ಅದನ್ನು 130ರಿಂದ ಭಾಗಿಸಿದರೆ ಅರ್ಧ ಯೂನಿಟ್. ಶುಗರ್ ಸುಮಾರು 155ಕ್ಕೆ ಬಂದು ನಿಲ್ಲಬೇಕು. ಮೂರಕ್ಕೆ ಒಮ್ಮೆ ನೋಡಿ. ದಿನವೂ ಒಂಬತ್ತೂವರೆಗೆ 230ರ ಮೇಲೆಯೇ ಇದ್ದರೆ ತಿದ್ದಬೇಕಾದದ್ದು ಊಟದ ಇನ್ಸುಲಿನ್ನನ್ನೇ ಹೊರತು ರಾತ್ರಿಯದ್ದನ್ನಲ್ಲ. ಊಟಕ್ಕೆ ಹದಿನೈದು ನಿಮಿಷ ಮುಂಚೆ ಚುಚ್ಚುತ್ತಿದ್ದೀರೋ, ತಟ್ಟೆ ಖಾಲಿಯಾದ ಮೇಲೋ ಎಂಬುದನ್ನು ಮೊದಲು ನೋಡಿಕೊಂಡು, ಆಮೇಲೆ ಡೋಸಿನ ಬಗ್ಗೆ ವೈದ್ಯರನ್ನು ಕೇಳಿ.

ಅರ್ಧ ಯೂನಿಟ್ ಅಳೆಯಲು ಅರ್ಧ ಯೂನಿಟ್ಟಿನ ಪೆನ್ ಬೇಕು. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್ಟಿನ ಬಾಟಲಿ ಇನ್ನೂ ಬಳಕೆಯಲ್ಲಿದೆ, ಅದರ ಸಿರಿಂಜಿನಲ್ಲಿ ಒಂದು ಗೆರೆ ಅಂದರೆ ಒಂದು ಯೂನಿಟ್. ಗೆರೆಗಳ ನಡುವೆ ಕಣ್ಣಳತೆಯಲ್ಲಿ ಅರ್ಧ ಹಿಡಿಯುವುದು ಚಿಕ್ಕ ಮಗುವಿಗೆ ನಂಬಿಕೆಯ ಅಳತೆಯಲ್ಲ. ಪೆನ್ ಸಿಗುವ ತನಕ ರಾತ್ರಿ ತಿದ್ದುವ ಮಟ್ಟವನ್ನೇ ಇನ್ನೂ ಮೇಲಿಡಬೇಕೇ ಎಂದು ವೈದ್ಯರ ಬಳಿ ಕೇಳಿ ಬರೆಸಿಕೊಳ್ಳಿ. 40ರ ಬಾಟಲಿಗೆ 100ರ ಸಿರಿಂಜ್ ಬಳಸಿದರಂತೂ 10ರ ಗೆರೆಗೆ ಎಳೆದದ್ದು ಬರೀ 4 ಯೂನಿಟ್ ಆಗಿರುತ್ತದೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು.

ಚಿಕ್ಕ ಮಕ್ಕಳ ಲೋ ಗುರುತಿಸುವ ಬಗೆಯೂ ಬೇರೆ. ದೊಡ್ಡವರಲ್ಲಿ ಇನ್ನೊಬ್ಬರ ನೆರವು ಬೇಕಾದರೆ ಅದು ತೀವ್ರ ಲೋ. ಐದು ವರ್ಷದ ಮಗುವಿಗೆ 65 ಇದ್ದಾಗಲೂ ಇನ್ನೊಬ್ಬರ ನೆರವು ಬೇಕೇ ಬೇಕು. ಅದಕ್ಕೇ ಮಕ್ಕಳಲ್ಲಿ ಪ್ರಜ್ಞೆ ಮಸುಕಾದಾಗ, ತಪ್ಪಿದಾಗ, ಫಿಟ್ಸ್ ಬಂದಾಗ ಮಾತ್ರ ತೀವ್ರ ಎನ್ನುತ್ತಾರೆ. ಆಗ ಬಾಯಿಗೆ ಏನೂ ಹಾಕಬಾರದು. ಶುಗರನ್ನು ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಕೊಡಬೇಕು, ಇಲ್ಲದಿದ್ದರೆ ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಓಡಬೇಕು. ಅಷ್ಟು ಆಗುವ ಮುಂಚಿನ ಸುಳಿವುಗಳು ಬೇರೆ ಥರ ಇರುತ್ತವೆ: ಇದ್ದಕ್ಕಿದ್ದಂತೆ ಹಟ, ಅಳು, ಮಂಕು, ಬಿಳಿಚಿದ ಮುಖ. ಹಟ ಮಾಡುವ ಮಗುವನ್ನು ಗದರುವ ಮುಂಚೆ ಬೆರಳಿನಿಂದ ಶುಗರ್ ನೋಡಿ.

ಐದನೇ ಹೆಜ್ಜೆ: ಹದಿಹರೆಯಕ್ಕೆ ಲೆಕ್ಕ ಬದಲಿಸಿ, ಗುರಿ ಬದಲಿಸಬೇಡಿ

ಹದಿನಾಲ್ಕರ ಹುಡುಗ, 48 ಕೆ.ಜಿ., ಹಿಂದಿನ ವರ್ಷ 40 ಯೂನಿಟ್ ಸಾಕಾಗುತ್ತಿತ್ತು, ಈಗ 58 ಬೇಕು. ಇದು ಅವನ ತಪ್ಪಲ್ಲ. ಪ್ರಾಯಕ್ಕೆ ಬರುವಾಗ ಏರುವ ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ನಿನ ಕೆಲಸವನ್ನು ತಡೆಯುತ್ತದೆ. ಪ್ರಾಯಕ್ಕೆ ಮುಂಚೆ ಕೆ.ಜಿ.ಗೆ 0.7ರಿಂದ 1 ಯೂನಿಟ್ ಇದ್ದದ್ದು 1.2ಕ್ಕೆ ಏರಬಹುದು, ಕೆಲವರಲ್ಲಿ 2ರ ಹತ್ತಿರಕ್ಕೂ ಹೋಗುತ್ತದೆ. ಈ ಹುಡುಗನಿಗೆ ಒಂದು ಯೂನಿಟ್ ಇಳಿಸುವುದು 31 ಮಾತ್ರ. ಅದೇ ಹಾರ್ಮೋನಿನಿಂದ ಬೆಳಗಿನ ಜಾವ ನಾಲ್ಕರ ನಂತರ ಶುಗರ್ ಏರತೊಡಗುತ್ತದೆ. ಚಿಕ್ಕ ಮಕ್ಕಳಲ್ಲಿ ಹೆಚ್ಚು ಇನ್ಸುಲಿನ್ ಬೇಕಾಗುವುದು ಸಂಜೆಯಿಂದ ನಡುರಾತ್ರಿಯವರೆಗೆ. ಹಾಗಾಗಿ ಅಣ್ಣನಿಗೆ ಒಗ್ಗಿದ ರಾತ್ರಿಯ ಡೋಸ್ ಪದ್ಧತಿ ತಂಗಿಗೆ ಒಗ್ಗುವುದಿಲ್ಲ.

ಡಿಸಿಸಿಟಿಯಲ್ಲೂ ಹದಿಹರೆಯದವರ ಎಚ್‌ಬಿಎ1ಸಿ ದೊಡ್ಡವರದ್ದಕ್ಕಿಂತ ಸುಮಾರು ಒಂದು ಶೇಕಡಾದಷ್ಟು ಮೇಲೆಯೇ ಉಳಿದಿತ್ತು. ಇದನ್ನು ಕಂಡು ಹಲವರು 'ಈ ವಯಸ್ಸಿಗೆ 8.5 ಸಾಕು' ಎಂದು ಗುರಿಯನ್ನೇ ಮೇಲಕ್ಕೆ ಎತ್ತುತ್ತಾರೆ. ನಮ್ಮ ಮಟ್ಟಿಗೆ ಇದು ದೊಡ್ಡ ತಪ್ಪು. ಸ್ವೀಡನ್ 2017ರಲ್ಲಿ ಮಕ್ಕಳ ಗುರಿಯನ್ನು 6.5%ಕ್ಕೆ ಇಳಿಸಿತು, ಅಲ್ಲಿನ ಮಕ್ಕಳ ಸರಾಸರಿಯೂ ಇಳಿಯಿತು. ವೈದ್ಯರು, ಮನೆಯವರು ಎಲ್ಲರೂ ಒಂದೇ ಅಂಕಿ ಹೇಳಿದಾಗ ಮಗು ಅದರತ್ತ ಬರುತ್ತದೆ. ಅಪ್ಪ 120, ಅಮ್ಮ 200, ವೈದ್ಯರು 150 ಎಂದರೆ ಯಾವುದೂ ನಿಲ್ಲುವುದಿಲ್ಲ. 8.5 ಇದ್ದವನಿಗೆ ಮುಂದಿನ ಮೂರು ತಿಂಗಳಿಗೆ 8 ಎಂಬ ಮೆಟ್ಟಿಲು ಇಡಬಹುದು, ಕೊನೆಯ ಗುರಿ ಮಾತ್ರ 7ರಲ್ಲೇ ಇರಲಿ.

ಸಂಜೆ ಕಬಡ್ಡಿಯೋ ಫುಟ್‌ಬಾಲೋ ಜೋರಾಗಿ ಆಡಿದ ದಿನ ಮಾತ್ರ ಹದಿಹರೆಯದವನಿಗೂ ರಾತ್ರಿ ಅಂಚು ಬೇಕು. ಆಟ ಮುಗಿದು ಏಳರಿಂದ ಹನ್ನೊಂದು ಗಂಟೆಯ ನಂತರ, ಅಂದರೆ ನಿದ್ದೆಯ ನಡುವೆ, ಶುಗರ್ ಇಳಿಯುತ್ತದೆ. ಅಂದು ಮಲಗುವಾಗಿನ ತಿದ್ದುವ ಡೋಸನ್ನು ಬಿಡುವುದು ಅಥವಾ ಅರ್ಧಕ್ಕಿಳಿಸುವುದು ವಾಡಿಕೆ.

ಕೊನೆಯದಾಗಿ: ಒಂದು ಚೀಟಿ ಬರೆದು ಶಾಲೆಗೆ ಕೊಡಿ

ಆರಿಸಿಕೊಂಡ ಗುರಿಯನ್ನು ಶಾಲೆಯವರಿಗೆ ವಿವರಿಸಲು ಹೋಗಬೇಡಿ, ಮಾಡಬೇಕಾದ್ದನ್ನಷ್ಟೇ ಬರೆಯಿರಿ. ಆ ಐದು ವರ್ಷದ ಹುಡುಗಿಯ ಚೀಟಿ ಹೀಗಿರುತ್ತದೆ. 70ಕ್ಕಿಂತ ಕಡಿಮೆ ಇದ್ದರೆ ಬ್ಯಾಗಿನಲ್ಲಿ ಅಳೆದಿಟ್ಟ ಗ್ಲೂಕೋಸ್ ಪೊಟ್ಟಣ ಒಂದು ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ. 70ರಿಂದ 180 ಇದ್ದರೆ ಏನೂ ಮಾಡಬೇಡಿ. 180ರ ಮೇಲಿದ್ದರೆ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಬಿಡಿ, ಊಟ ತಪ್ಪಿಸಬೇಡಿ. 250ರ ಮೇಲೆ ಎರಡು ಸಲ ಬಂದರೆ, ಅಥವಾ ಜೊತೆಗೆ ವಾಂತಿ, ಹೊಟ್ಟೆನೋವು ಇದ್ದರೆ ತಕ್ಷಣ ಫೋನ್ ಮಾಡಿ. ಆ ಫೋನ್ ಬಂದಾಗ ಮನೆಯವರು ನೋಡಬೇಕಾದದ್ದು ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ತುಂಬುವ ಕೀಟೋನ್ ಎಂಬ ಆಮ್ಲವನ್ನು: ರಕ್ತದಲ್ಲಿ ಅದು 0.6 mmol/L ದಾಟಿದರೆ ವೈದ್ಯರಿಗೆ ತಿಳಿಸಬೇಕು, 1.5 ದಾಟಿದರೆ ಆಸ್ಪತ್ರೆಗೆ ಹೊರಡಬೇಕು. ಮಗುವಿನ ತೂಕ ಏರಿದಂತೆ ಪೊಟ್ಟಣದ ಅಳತೆಯೂ ಏರಬೇಕು. 30 ಕೆ.ಜಿ. ಆದಾಗ ಅದು 9 ಗ್ರಾಂ, 50 ಕೆ.ಜಿ. ಆದಾಗ ದೊಡ್ಡವರ 15 ಗ್ರಾಂ.